ಸಂಘದ ಫೋನಿಗೆ ಎರಡು ಕೀಲಿ



ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಕಡೆಯ ನಮ್ಮ ಸಂಘಗಳಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಸೀರೆಗಳ ಆರ್ಡರು ಈಗ ಹೆಚ್ಚಾಗಿ ವಾಟ್ಸಾಪ್‌ನಲ್ಲೇ ಬರುತ್ತದೆ. ಫೋನು ಮಾತ್ರ ಸಂಘಕ್ಕೆ ಒಂದೇ. ಈ ವಾರ ಒಬ್ಬರ ಮನೆಯಲ್ಲಿ, ಮುಂದಿನ ವಾರ ಇನ್ನೊಬ್ಬರ ಮನೆಯಲ್ಲಿ. ರಾತ್ರಿ ಮಕ್ಕಳು ಅದರಲ್ಲೇ ಆಟ ಆಡುತ್ತಾರೆ. ಹತ್ತು ಕೈ ದಾಟುವ ಇಂಥ ಫೋನನ್ನು ಹೇಗೆ ಕಾಯಬೇಕು ಎಂಬುದೇ ಈ ಸಲದ ಪಾಠ.

ಒಂದು ರೊಟ್ಟಿ ಸಂಘದಲ್ಲಿ ನಡೆದದ್ದನ್ನು ಹೇಳುತ್ತೇನೆ, ಊರಿನ ಹೆಸರು ಬೇಡ. ಭಾರತ ಹುಣ್ಣಿಮೆ ಹತ್ತಿರ ಬಂದಿತ್ತು, ಎಲ್ಲಮ್ಮನ ಗುಡ್ಡದ ಜಾತ್ರೆಗೆಂದು ಆರ್ಡರಿನ ಮೇಲೆ ಆರ್ಡರು. ಆಗ ಒಂದು ಕರೆ ಬಂತು. "ಅಕ್ಕಾರ, ನಮ್ದೊಂದು ಆರಂಕಿ ನಂಬರ್ ತಪ್ಪಿ ನಿಮ್ಮ ಫೋನಿಗೆ ಬಂದೈತ್ರಿ, ಸ್ವಲ್ಪ ಓದಿ ಹೇಳ್ರಿ" ಎಂದ. ಫೋನಿದ್ದ ಮನೆಯ ಹುಡುಗಿ ಮೆಸೇಜು ತೆಗೆದು ಓದಿ ಹೇಳಿದಳು. ಪಾಪ, ಗಿರಾಕಿಗೆ ಸಹಾಯ ಮಾಡಿದೆ ಎಂದುಕೊಂಡಳು. ಸ್ವಲ್ಪ ಹೊತ್ತಿನಲ್ಲಿ ಸಂಘದ ವಾಟ್ಸಾಪ್ ಬಂದಾಯಿತು. ಸಂಜೆಯ ಹೊತ್ತಿಗೆ ಗಿರಾಕಿಗಳಿಗೆ ಸಂಘದ ಹೆಸರಿನಿಂದಲೇ ಮೆಸೇಜು ಹೋಗಿತ್ತು: "ಜೋಳ ತರಬೇಕು, ಅರ್ಜೆಂಟ್ 5,000 ಹಾಕಿ." ಇಬ್ಬರು ಹಾಕಿಯೂ ಬಿಟ್ಟಿದ್ದರು.

ಆದದ್ದು ಇಷ್ಟೇ. ಯಾರಾದರೂ ತಮ್ಮ ಫೋನಿನಲ್ಲಿ ವಾಟ್ಸಾಪ್ ತೆರೆದು ನಿಮ್ಮ ಸಂಘದ ನಂಬರು ಹಾಕಬಹುದು. ಈ ನಂಬರು ನಿನ್ನದೇ ಹೌದೇ ಎಂದು ತಿಳಿಯಲು ವಾಟ್ಸಾಪ್ ಆರು ಅಂಕಿಯ ಗುಪ್ತ ಸಂಖ್ಯೆಯನ್ನು ನಿಮ್ಮ ಸಿಮ್ಮಿಗೆ ಕಳಿಸುತ್ತದೆ. ಅದನ್ನು ನೀವು ಹೇಳಿದರೆ ಖಾತೆ ಅವನ ಫೋನಿಗೆ ಹೋಯಿತು. ನಿಮ್ಮ ಹಳೆಯ ಮಾತುಕತೆ ಅವನಿಗೆ ಕಾಣುವುದಿಲ್ಲ, ಅದು ನಿಮ್ಮ ಫೋನಿನಲ್ಲೇ ಇರುತ್ತದೆ. ಆದರೆ ಸಂಘದ ನಂಬರು ಯಾವ ಯಾವ ಗ್ರೂಪಿನಲ್ಲಿದೆಯೋ ಅವು ಕಾಣುತ್ತವೆ. ಈ ಸಂಘದವರು ಗಿರಾಕಿಗಳನ್ನೆಲ್ಲ ಒಂದೇ ಗ್ರೂಪಿಗೆ ಸೇರಿಸಿದ್ದರು. ಅಲ್ಲಿದ್ದ ಎಲ್ಲ ನಂಬರೂ ಕಳ್ಳನಿಗೆ ಸಿಕ್ಕವು. ಕಳ್ಳನ ಮಾತು ಬಿಡಿ, ಗ್ರೂಪಿನಲ್ಲಿದ್ದ ಯಾವ ಗಿರಾಕಿಯೂ ಉಳಿದವರ ನಂಬರು ನೋಡಬಹುದಿತ್ತು. ತನ್ನ ನಂಬರನ್ನು ನಂಬಿ ಕೊಟ್ಟ ಹೆಣ್ಣುಮಗಳಿಗೆ ಗುರುತಿಲ್ಲದವರ ಕರೆ ಬರತೊಡಗಿದರೆ ಅವಳು ಮತ್ತೆ ರೊಟ್ಟಿ ಕೇಳುತ್ತಾಳೆಯೇ? ಆದ್ದರಿಂದ ಗಿರಾಕಿಗಳಿಗೆ ಗ್ರೂಪು ಮಾಡಬೇಡಿ, `New broadcast` ಬಳಸಿ. ಅದರಲ್ಲಿ ಒಂದೇ ಮೆಸೇಜು ಎಲ್ಲರಿಗೂ ಬೇರೆ ಬೇರೆಯಾಗಿ ಹೋಗುತ್ತದೆ, ಒಬ್ಬರ ನಂಬರು ಇನ್ನೊಬ್ಬರಿಗೆ ಕಾಣುವುದಿಲ್ಲ. ಒಂದೇ ಷರತ್ತು, ಗಿರಾಕಿ ನಿಮ್ಮ ನಂಬರನ್ನು ತನ್ನ ಫೋನಿನಲ್ಲಿ ಸೇವ್ ಮಾಡಿಕೊಂಡಿರಬೇಕು. ಇಲ್ಲದಿದ್ದರೆ ಮೆಸೇಜು ಮುಟ್ಟುವುದಿಲ್ಲ.

ಈಗ ಎರಡನೆಯ ಕೀಲಿ. ಸಂಘದ ಹಣದ ಪೆಟ್ಟಿಗೆಯನ್ನು ಒಬ್ಬರ ಮನೆಯಲ್ಲಿಟ್ಟು ಕೀಲಿಕೈಯನ್ನು ಇನ್ನೊಬ್ಬರಿಗೆ ಕೊಡುವುದು ನಿಮಗೆ ಗೊತ್ತು. ಇದೂ ಹಾಗೆಯೇ. ವಾಟ್ಸಾಪ್‌ನಲ್ಲಿ `Settings`, ಆಮೇಲೆ `Account`, ಆಮೇಲೆ `Two-step verification` ಒತ್ತಿ ಆರು ಅಂಕಿಯ ಪಿನ್ ಇಡಿ. ಇದು ಮೆಸೇಜಿನಲ್ಲಿ ಬರುವ ಸಂಖ್ಯೆಯಲ್ಲ, ನೀವೇ ಇಟ್ಟುಕೊಂಡದ್ದು. ಇನ್ನು ಮೇಲೆ ಮೆಸೇಜಿನ ಸಂಖ್ಯೆ ಯಾರೋ ತಪ್ಪಿ ಹೇಳಿದರೂ ಈ ಪಿನ್ ಇಲ್ಲದೆ ಕಳ್ಳ ಒಳಗೆ ಬರಲಾರ. ಸಂಘ ಶುರುವಾದ ವರ್ಷ, ಅಧ್ಯಕ್ಷರ ಹುಟ್ಟಿದ ದಿನ ಇಂಥವು ಬೇಡ, ಊರಿಗೆಲ್ಲ ಗೊತ್ತಿರುತ್ತವೆ. ಅಲ್ಲಿಯೇ ಇಮೇಲ್ ವಿಳಾಸ ಕೇಳುತ್ತದೆ, ತಪ್ಪದೆ ಕೊಡಿ. ಪಿನ್ ಮರೆತಾಗ ಹೊಸದು ಮಾಡಲು ಅದೇ ದಾರಿ. ಇಮೇಲ್ ಇಲ್ಲದಿದ್ದರೆ 7 ದಿನ ಕಾಯಬೇಕಾಗುತ್ತದೆ.

ಪಿನ್ನು ಅಧ್ಯಕ್ಷರಿಗೂ ಕಾರ್ಯದರ್ಶಿಗೂ ಗೊತ್ತಿದ್ದರೆ ಸಾಕು. ಒಂದು ಚೀಟಿಯಲ್ಲಿ ಬರೆದು ಲಕೋಟೆಯಲ್ಲಿ ಮುಚ್ಚಿ ಪೆಟ್ಟಿಗೆಯಲ್ಲಿಡಿ. ಫೋನಿನ ಕವರಿನ ಹಿಂದೆ ಸಿಕ್ಕಿಸಿದ್ದನ್ನು ನಾನೇ ಕಂಡಿದ್ದೇನೆ. ಬಾಗಿಲಿಗೆ ಕೀಲಿ ಹಾಕಿ ಕೀಲಿಕೈಯನ್ನು ಚಿಲಕಕ್ಕೇ ನೇತುಹಾಕಿದ ಹಾಗಾಯಿತು! ಪದಾಧಿಕಾರಿಗಳು ಬದಲಾದ ದಿನವೇ ಪಿನ್ನೂ ಫೋನು ತೆರೆಯುವ ಗುಟ್ಟೂ ಬದಲಾಗಬೇಕು, ಹಳಬರ ಬೆರಳಚ್ಚು ತೆಗೆಯಬೇಕು. `Linked devices` ಒತ್ತಿ ನೋಡಿ, ಬೇರೆ ಯಾವುದಾದರೂ ಫೋನು ಅಥವಾ ಕಂಪ್ಯೂಟರಿನ ಹೆಸರು ಕಂಡರೆ ಅದನ್ನು ಮುಟ್ಟಿ `Log out` ಮಾಡಿ. ಬದಲಾಯಿಸಿದ್ದನ್ನು ನಡಾವಳಿ ಪುಸ್ತಕದಲ್ಲಿ ಬರೆಯಿರಿ. ಪಿನ್ನನ್ನು ಬರೆಯಬೇಡಿ.

ಇನ್ನು ನಕಲು ಇಡುವ ಮಾತು. ಇಲ್ಲಿ ಹೆಚ್ಚಿನವರು ಎಡವುತ್ತಾರೆ. "ಸಿಸ್ಟರ್, ನಮ್ಮ ನಂಬರೆಲ್ಲ ಗೂಗಲ್‌ನಾಗ ಅದಾವ್ರಿ" ಎನ್ನುತ್ತಾರೆ. ಯಾರ ಗೂಗಲ್ ಖಾತೆಯಲ್ಲಿ? ಫೋನು ಕೊಂಡ ದಿನ ಮೊಬೈಲ್ ಅಂಗಡಿಯ ಹುಡುಗ ಯಾವುದೋ ಜಿಮೇಲ್ ಹಾಕಿಕೊಟ್ಟಿರುತ್ತಾನೆ, ಇಲ್ಲವೇ ಸದಸ್ಯೆಯೊಬ್ಬಳ ಮಗನದು ಇರುತ್ತದೆ. ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲ. ಫೋನು ಕೆಟ್ಟರೆ ನಂಬರೂ ಹೋದವು. ಇಂದೇ ಜಿಮೇಲ್ ತೆರೆದು ಮೇಲೆ ಬಲಗಡೆಯ ದುಂಡನೆಯ ಚಿತ್ರ ಒತ್ತಿ, ಯಾವ ವಿಳಾಸ ಇದೆ ನೋಡಿ. ಅದು ನಿಮ್ಮದಲ್ಲದಿದ್ದರೆ ಸಂಘದ ಹೆಸರಿನಲ್ಲಿ ಹೊಸದು ಮಾಡಿ ಫೋನಿಗೆ ಸೇರಿಸಿ. ಹಳೆಯ ನಂಬರುಗಳನ್ನು ಗೂಗಲ್ ಕಾಂಟ್ಯಾಕ್ಟ್ಸ್‌ನಲ್ಲಿ `Export to file` ಎಂದು ಹೊರಗೆ ತೆಗೆದು, `Import from file` ಎಂದು ಹೊಸ ಖಾತೆಗೆ ಹಾಕಬಹುದು. ಮುಂದೆ ಹೊಸ ಗಿರಾಕಿಯ ನಂಬರು ಸೇವ್ ಮಾಡುವಾಗ ಸಿಮ್ ಎಂದು ಆರಿಸದೆ ಈ ಖಾತೆಯನ್ನೇ ಆರಿಸಿ. ವಾಟ್ಸಾಪ್‌ನ `Chats`, `Chat backup` ಒಳಗೂ ಇದೇ ಖಾತೆ ಕೊಟ್ಟು `Daily` ಎಂದು ಇಡಿ. ಆ ನಕಲು ವಾಪಸು ಬರಬೇಕಾದರೆ ಅದೇ ಫೋನ್ ನಂಬರು, ಅದೇ ಗೂಗಲ್ ಖಾತೆ ಎರಡೂ ಬೇಕು.

ಈ ಗೂಗಲ್ ಖಾತೆಗೂ ಎರಡು ಹಂತದ ಕೀಲಿ ಹಾಕಿ. ಆದರೆ ಎಚ್ಚರ. ಗೂಗಲ್ "ನೀವೇನಾ?" ಎಂದು ಕೇಳುವುದು ಸಂಘದ ಫೋನಿನಲ್ಲೇ. ಫೋನು ಬಸ್ಸಿನಲ್ಲಿ ಕಳೆದರೆ ಉತ್ತರ ಹೇಳುವುದು ಎಲ್ಲಿಂದ? ಅದಕ್ಕೇ `Backup codes` ಎಂಬುದಿದೆ. ಎಂಟು ಅಂಕಿಯ ಹತ್ತು ಸಂಖ್ಯೆ ಕೊಡುತ್ತದೆ, ಒಂದೊಂದನ್ನು ಒಂದೇ ಸಲ ಬಳಸಬಹುದು. ಅವನ್ನೂ ಬರೆದು ಅದೇ ಲಕೋಟೆಗೆ ಸೇರಿಸಿ. ನನ್ನ ಕೇಳಿದರೆ, ಇಷ್ಟೆಲ್ಲ ಮಾಡಿದ ಮೇಲೂ ತಿಂಗಳಿಗೊಮ್ಮೆ ಗಿರಾಕಿಗಳ ಹೆಸರು, ನಂಬರು ಒಂದು ವಹಿಯಲ್ಲಿ ಬರೆದಿಡುವುದೇ ಒಳ್ಳೆಯದು. ಆ ರೊಟ್ಟಿ ಸಂಘದವರಿಗೆ ಅಂದು ನಿಜವಾಗಿ ನೆರವಾದದ್ದು ಕಾರ್ಯದರ್ಶಿಯ ಹಳೆಯ ಆರ್ಡರ್ ವಹಿ.

ಅವರು ಮಾಡಿದ್ದೇನೆಂದರೆ, ಆ ವಹಿ ಹಿಡಿದು ಬೇರೆ ಫೋನಿನಿಂದ ಎಲ್ಲರಿಗೂ ಕರೆ ಮಾಡಿದರು: "ದುಡ್ಡ ಹಾಕಬ್ಯಾಡ್ರಿ, ಅದು ನಾವಲ್ಲ." ಹಣ ಹಾಕಿದ ಇಬ್ಬರಿಗೆ ಕೂಡಲೇ 1930ಕ್ಕೆ ಕರೆ ಮಾಡಲು ಹೇಳಿದರು. ಹಣ ಕಳ್ಳನ ಖಾತೆ ದಾಟಿ ಹೋಗುವ ಮೊದಲೇ ತಡೆಯಬೇಕಾದ್ದರಿಂದ ಇಲ್ಲಿ ಒಂದೊಂದು ತಾಸೂ ಮುಖ್ಯ. ಆಮೇಲೆ ಸಂಘದ ಫೋನಿನಲ್ಲಿ ವಾಟ್ಸಾಪ್ ತೆರೆದು ತಮ್ಮ ನಂಬರು ಹಾಕಿ, ಬಂದ ಹೊಸ ಸಂಖ್ಯೆ ತುಂಬಿದರು. ಆ ಕ್ಷಣಕ್ಕೆ ಕಳ್ಳ ಹೊರಗೆ ಬಿದ್ದ. ಆದರೆ ಅವನು ಅಷ್ಟರೊಳಗೆ ತನ್ನದೇ ಪಿನ್ ಇಟ್ಟಿದ್ದ, ಸಂಘದವರು ಮೊದಲೇ ಇಟ್ಟಿರಲಿಲ್ಲವಲ್ಲ! ಹೀಗಾಗಿ ಅವರು 7 ದಿನ ಕಾಯಬೇಕಾಯಿತು. ಜಾತ್ರೆಯ ವಾರವೆಲ್ಲ ಆರ್ಡರನ್ನು ಬರೀ ಕರೆಯಲ್ಲೇ ತೆಗೆದುಕೊಂಡರು.

ಕೊನೆಗೆ ಸಿಮ್ಮು ಯಾರ ಹೆಸರಿನಲ್ಲಿದೆ ನೋಡಿಕೊಳ್ಳಿ. ಫೋನು ಕಳೆದಾಗ ಅದೇ ನಂಬರಿನ ಹೊಸ ಸಿಮ್ಮು ಸಿಗುವುದು ಹೆಸರಿದ್ದವರು ಗುರುತಿನ ಚೀಟಿ ಹಿಡಿದು ಹೋದರೆ ಮಾತ್ರ. ಅವರು ಮದುವೆಯಾಗಿ ಬೇರೆ ಊರಿಗೆ ಹೋಗಿದ್ದರೆ ಕೆಲಸ ಕೆಟ್ಟಿತು. ಹೊಸ ಸಿಮ್ಮು ಶುರುವಾದ ಮೇಲೆ ಮೊದಲ 24 ತಾಸು ಮೆಸೇಜು ಬರುವುದಿಲ್ಲ. ಅದು ಕಳ್ಳತನ ತಡೆಯಲು ಮಾಡಿದ ನಿಯಮ, ಗಾಬರಿಯಾಗದೆ ಮರುದಿನ ವಾಟ್ಸಾಪ್ ತೆರೆಯಿರಿ.