ಮನಸ್ಸು ಕುಗ್ಗಿದವರ ಮೊದಲ ಟಿಪ್ಪಣಿ: ಏನು ಕೇಳಬೇಕು, ಹೇಗೆ ಬರೆಯಬೇಕು

ಮನಸ್ಸು ಕುಗ್ಗಿ ಆಸ್ಪತ್ರೆಗೆ ಬಂದವರ ಬಗ್ಗೆ ಮೊದಲ ದಿನ ಬರೆಯುವ ಟಿಪ್ಪಣಿಯನ್ನು ಮುಂದೆ ಓದುವವರು ಸಾಮಾನ್ಯವಾಗಿ ಬೇರೆಯವರೇ. ಬೈಂದೂರು ಅಥವಾ ಬ್ರಹ್ಮಾವರ ಕಡೆಯ ಆರೋಗ್ಯ ಕೇಂದ್ರದಲ್ಲಿ ಬರೆದದ್ದನ್ನು ಕುಂದಾಪುರದಲ್ಲೋ ಉಡುಪಿಯ ಜಿಲ್ಲಾ ಆಸ್ಪತ್ರೆಯಲ್ಲೋ ಮನೋವೈದ್ಯರು ಓದುತ್ತಾರೆ. ಈ ವ್ಯಕ್ತಿಯನ್ನು ಇವತ್ತು ಮನೆಗೆ ಕಳಿಸಬಹುದೇ, ಮನೆಯಲ್ಲಿ ದಿನ ಹೇಗೆ ಸಾಗುತ್ತಿದೆ ಎಂಬ ಎರಡು ಪ್ರಶ್ನೆಗೆ ಅದರಲ್ಲಿ ಉತ್ತರ ಸಿಗಬೇಕು.

ಮೊದಲು ದೂರನ್ನು ಅವರದೇ ಮಾತಿನಲ್ಲಿ ಬರೆಯಬೇಕು. ಈ ಭಾಗದಲ್ಲಿ ‘ಖಿನ್ನತೆ’ ಎಂದು ಹೇಳಿಕೊಂಡು ಬರುವವರು ಕಡಿಮೆ. ತಲೆ ಭಾರ, ಮೈಕೈ ನೋವು, ‘ನಿದ್ರಿ ಬತ್ತಿಲ್ಲೆ’, ‘ಎಂತ ಮಾಡೂಕೂ ಮನ್ಸಿಲ್ಲೆ’ ಎನ್ನುತ್ತಾರೆ. ಇದನ್ನು ಶಾಸ್ತ್ರೀಯ ಪದಕ್ಕೆ ತಿರುಗಿಸಿದರೆ ಅರ್ಧ ಮಾಹಿತಿ ಅಲ್ಲೇ ಕಳೆದುಹೋಗುತ್ತದೆ. ಯಾವಾಗ ಶುರುವಾಯಿತು, ಮದ್ಯದ ಅಭ್ಯಾಸ ಇದೆಯೇ, ಹಿಂದೆ ಎಂದಾದರೂ ನಿದ್ದೆಯೇ ಬೇಡವೆನ್ನುವಷ್ಟು ಅತಿಯಾದ ಹುರುಪಿನ ದಿನಗಳಿದ್ದವೇ ಎಂಬುದನ್ನೂ ಸೇರಿಸಬೇಕು. ಅಂಥ ಹುರುಪು ಇದ್ದವರಿಗೆ ಖಿನ್ನತೆಯ ಮಾತ್ರೆಯೊಂದನ್ನೇ ಕೊಟ್ಟರೆ ಅದು ಮತ್ತೆ ಕೆರಳಬಹುದು. ರಕ್ತಹೀನತೆ, ಥೈರಾಯ್ಡ್ ಪರೀಕ್ಷೆ ಆಗಿದೆಯೇ ಎಂಬುದು ಒಂದು ಸಾಲು.

ಒಂದು ಕಲ್ಪಿತ ಉದಾಹರಣೆ ನೋಡಬಹುದು. ಬೈಂದೂರು ಕಡೆಯ 42 ವರ್ಷದ ಮಹಿಳೆ ಗೇರುಬೀಜ ಕಾರ್ಖಾನೆಯಲ್ಲಿ ಕೆಲಸಕ್ಕೆ ಹೋಗುತ್ತಾರೆ, ಗಂಡ ಮುಂಬೈಯ ಹೋಟೆಲಿನಲ್ಲಿದ್ದಾರೆ. ಮೂರು ತಿಂಗಳಿಂದ ಮೈಕೈ ನೋವು. ಕಳೆದ ಎರಡು ವಾರವನ್ನು ಕುರಿತ ಒಂಬತ್ತು ಪ್ರಶ್ನೆಗಳ ಪಿಎಚ್‌ಕ್ಯೂ-9 ಪಟ್ಟಿಯಲ್ಲಿ ಅವರಿಗೆ 27ರಲ್ಲಿ 17 ಅಂಕ ಬಂದಿದೆ. 15ರಿಂದ 19 ಎಂದರೆ ಸಾಧಾರಣಕ್ಕಿಂತ ಹೆಚ್ಚು ತೀವ್ರ ಎಂದು ಲೆಕ್ಕ. ಆದರೆ ಒಟ್ಟು ಅಂಕಕ್ಕಿಂತ ಮುಖ್ಯವಾದದ್ದು ಒಂಬತ್ತನೆಯ ಪ್ರಶ್ನೆ. ಸತ್ತರೆ ಒಳ್ಳೆಯದಿತ್ತು ಅಥವಾ ತನಗೆ ತಾನೇ ಹಾನಿ ಮಾಡಿಕೊಳ್ಳಬೇಕು ಎನ್ನುವ ಯೋಚನೆಯನ್ನು ಕೇಳುವ ಅದಕ್ಕೆ ಅವರು ‘ಕೆಲವು ದಿನ’ ಎಂದು ಒಂದು ಅಂಕ ಕೊಟ್ಟಿದ್ದಾರೆ. ಸಾವು ಬಂದರೆ ಬರಲಿ ಎನ್ನುವುದಕ್ಕೂ ಸಾಯಬೇಕೆಂದು ತೀರ್ಮಾನಿಸುವುದಕ್ಕೂ ಬಹಳ ಅಂತರವಿದೆ. ಆ ಪ್ರಶ್ನೆ ಎರಡನ್ನೂ ಒಂದೇ ಬುಟ್ಟಿಗೆ ಹಾಕುತ್ತದೆ. ಹಾಗಾಗಿ ಒಂದು ಅಂಕವಿದ್ದರೂ ಮುಂದಕ್ಕೆ ಕೇಳಲೇಬೇಕು.

ಹಾಗೆ ಕೇಳುವಾಗ ಜೊತೆಗೆ ಬಂದವರನ್ನು ಸ್ವಲ್ಪ ಹೊರಗೆ ಕೂರಿಸಬೇಕು. ಎಲ್ಲರಿಗೂ ಎಲ್ಲರ ಪರಿಚಯವಿರುವ ಊರಿನಲ್ಲಿ ಅತ್ತೆಯ ಎದುರು, ಪಕ್ಕದ ಮನೆಯವರ ಎದುರು ನಿಜ ಹೊರಬರುವುದಿಲ್ಲ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ಗೋಪ್ಯತೆಯನ್ನು ರೋಗಿಯ ಹಕ್ಕು ಎಂದಿದೆ. ಜೀವಕ್ಕೆ ಅಪಾಯವಿದ್ದಾಗ ಅದಕ್ಕೆ ವಿನಾಯಿತಿ ಇರುವುದನ್ನೂ ಮೊದಲೇ ಹೇಳಿಬಿಡುವುದು ಪ್ರಾಮಾಣಿಕತೆ. ಆಮೇಲೆ ನೇರವಾಗಿ ಕೇಳಬೇಕು: ಜೀವ ತೆಗೆದುಕೊಳ್ಳುವ ಯೋಚನೆ ಬಂದಿದೆಯೇ? ಹೇಗೆ ಎಂದು ಯೋಚಿಸಿದ್ದೀರಾ? ಮಾಡಿಯೇ ಬಿಡುವೆ ಅನ್ನಿಸಿದೆಯೇ? ತಯಾರಿ ಮಾಡಿದ್ದೀರಾ? ಹಿಂದೆ ಪ್ರಯತ್ನಿಸಿದ್ದುಂಟೇ? ಕೇಳಿದರೆ ಆ ಯೋಚನೆ ತಲೆಗೆ ಹತ್ತುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ.

ಟಿಪ್ಪಣಿಯಲ್ಲಿ ‘ಅಪಾಯವಿಲ್ಲ’ ಎಂದಷ್ಟೇ ಬರೆಯುವುದು ಸಾಮಾನ್ಯವಾದ, ಕೆಟ್ಟ ತಪ್ಪು. ಕೇಳಿ ಇಲ್ಲವೆಂದರೋ, ಕೇಳಲೇ ಇಲ್ಲವೋ ಎಂಬುದು ಓದುವವರಿಗೆ ತಿಳಿಯುವುದಿಲ್ಲ. ಈ ಮಹಿಳೆಯದು ಹೀಗಿರಬಹುದು: “ಒಬ್ಬರೇ ಇದ್ದಾಗ ಕೇಳಲಾಯಿತು. ‘ಬೆಳಿಗ್ಗೆ ಎದ್ದೇಳದಿದ್ದರೆ ಸಾಕಿತ್ತು’ ಎಂದು ವಾರದಲ್ಲಿ ಎರಡು ಸಲ ಅನ್ನಿಸುತ್ತದೆ. ಜೀವ ತೆಗೆದುಕೊಳ್ಳುವ ಯೋಚನೆ, ಯೋಜನೆ, ಹಿಂದಿನ ಪ್ರಯತ್ನ ಯಾವುದೂ ಇಲ್ಲ ಎಂದರು. ಹತ್ತನೆಯ ತರಗತಿಯ ಮಗಳ ನೆನಪು ತಡೆಯುತ್ತದೆ. ಮನೆಯಲ್ಲಿ ತೋಟದ ಕೀಟನಾಶಕ ಇದೆ.” ಕೊನೆಯ ವಾಕ್ಯ ಬಿಟ್ಟುಹೋಗಬಾರದು, ಮಾಡಬೇಕಾದ ಮೊದಲ ಕೆಲಸ ಅದರಲ್ಲೇ ಇದೆ.

ದಿನಚರಿಯನ್ನೂ ‘ಕೆಲಸಕಾರ್ಯ ಕುಂದಿದೆ’ ಎಂದು ಮುಗಿಸದೆ ಎಣಿಸುವಂತೆ ಬರೆಯಬೇಕು. ಆರು ದಿನ ಕಾರ್ಖಾನೆಗೆ ಹೋಗುತ್ತಿದ್ದವರು ಈಗ ಮೂರು ದಿನ ಹೋಗುತ್ತಾರೆ, ಅಡುಗೆ ಮಗಳದು, ಸ್ನಾನ ಎರಡು ದಿನಕ್ಕೊಮ್ಮೆ, ಸ್ವಸಹಾಯ ಸಂಘದ ವಾರದ ಸಭೆಗೆ ಹೋಗದೆ ತಿಂಗಳಾಯಿತು, ಕಂತನ್ನು ಮಗಳ ಕೈಲಿ ಕಳಿಸುತ್ತಾರೆ. ಕೆಲಸ, ಮನೆ, ಮೈಕಾಳಜಿ, ಜನರ ಒಡನಾಟ ನಾಲ್ಕೂ ಇಲ್ಲಿ ಬಂದವು. ಹೋಲಿಕೆ ಅವರ ಹಿಂದಿನ ದಿನಗಳೊಂದಿಗೇ ಇರಬೇಕು, ಋತುವನ್ನೂ ನೋಡಬೇಕು. ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವ ಜೂನ್, ಜುಲೈ ತಿಂಗಳಲ್ಲಿ ಗಂಗೊಳ್ಳಿಯ ಬೋಟಿನ ಕೆಲಸಗಾರ ಮನೆಯಲ್ಲಿ ಕುಳಿತಿದ್ದರೆ ಅದು ರೋಗಲಕ್ಷಣವಲ್ಲ. ಆಗಸ್ಟಿನಲ್ಲಿ ಬೋಟು ಹೊರಟಾಗಲೂ ಏಳದಿದ್ದರೆ ಬರೆದುಕೊಳ್ಳಬೇಕಾದ ವಿಷಯ.

ಕೊನೆಯಲ್ಲಿ, ಏನು ಮಾಡಲಾಯಿತು ಎಂಬುದು. ಸಾಯುವ ಉದ್ದೇಶ, ಯೋಜನೆ ಅಥವಾ ಇತ್ತೀಚಿನ ಪ್ರಯತ್ನ ಇದ್ದರೆ ಒಂಟಿಯಾಗಿ ಬಿಡದೆ ಅದೇ ದಿನ ಜೊತೆಗೊಬ್ಬರನ್ನು ಕೊಟ್ಟು ದೊಡ್ಡ ಆಸ್ಪತ್ರೆಗೆ ಕಳಿಸಬೇಕು. ಈ ಮಹಿಳೆಯ ವಿಷಯದಲ್ಲಿ ಅವರ ಒಪ್ಪಿಗೆ ಪಡೆದು ಅಕ್ಕನಿಗೆ ತಿಳಿಸಲಾಯಿತು, ಕೀಟನಾಶಕವನ್ನು ಅಕ್ಕನ ಮನೆಗೆ ಸಾಗಿಸಲಾಯಿತು, ಹಗಲು ರಾತ್ರಿ ಉಚಿತವಾಗಿ ಸಿಗುವ ಟೆಲಿ-ಮಾನಸ್ ಸಂಖ್ಯೆ 14416 ಕೊಡಲಾಯಿತು, ವೈದ್ಯರ ಬಳಿ ಕಳಿಸಿ ಒಂದು ವಾರದ ನಂತರದ ದಿನಾಂಕ ಬರೆಯಲಾಯಿತು. ಆ ದಿನ ಬಾರದಿದ್ದರೆ ಯಾರು ಫೋನ್ ಮಾಡಬೇಕು ಎಂಬ ಹೆಸರೂ ಅದೇ ಸಾಲಿನಲ್ಲಿರಬೇಕು. ಬಂದರೆ ಕೇಳಬೇಕಾದ್ದು ಅವೇ ಪ್ರಶ್ನೆಗಳು: ಎಷ್ಟು ದಿನ ಕೆಲಸಕ್ಕೆ ಹೋದಿರಿ, ಸಂಘಕ್ಕೆ ಹೋದಿರಾ, ಬೆಳಿಗ್ಗೆ ಆ ಯೋಚನೆ ಎಷ್ಟು ಸಲ ಬಂತು.