ಕೊನೆಯ ಮಾತು ನೋಡುವವರಿಗೆ ಸೇರಲಿ

ಪ್ರಶ್ನೆ: ಮನೆಯಲ್ಲೇ ಟೈಲರಿಂಗ್ ಮಾಡುತ್ತೇನೆ. ಬ್ಲೌಸ್ ಕಟಿಂಗ್, ಸ್ಟಿಚಿಂಗ್ ಕಲಿಸುವ ಯೂಟ್ಯೂಬ್ ಚಾನೆಲ್ ಇದೆ. ಪ್ರತಿ ವಿಡಿಯೊದ ಕೊನೆಗೆ ಹೀಗೆ ಹೇಳುತ್ತೇನೆ: "ಫ್ರೆಂಡ್ಸ್, ಇವತ್ತಿನ ವಿಡಿಯೊ ಇಷ್ಟೇ. ತುಂಬಾ ಕಷ್ಟಪಟ್ಟು ಮಾಡಿದೀನಿ, ದಯವಿಟ್ಟು ಲೈಕ್ ಮಾಡಿ, ಶೇರ್ ಮಾಡಿ, ಸಬ್‌ಸ್ಕ್ರೈಬ್ ಮಾಡಿ, ಬೆಲ್ ಒತ್ತಿ. ನನಗೆ ಇನ್ನೂ ಸಾವಿರ ಆಗಿಲ್ಲ." ಮೊನ್ನೆ ನನ್ನ ಮಗಳು, "ಅಮ್ಮಾ, ಯಾಕೆ ಹೀಗೆ ಬೇಡ್ಕೋತೀಯ?" ಅಂದಳು. ಆಮೇಲಿಂದ ಆ ಮಾತು ಬಾಯಿಗೇ ಬರುತ್ತಿಲ್ಲ. ಕೇಳದಿದ್ದರೆ ಚಾನೆಲ್ ಬೆಳೆಯುವುದು ಹೇಗೆ?
— ದಾವಣಗೆರೆಯ ಓದುಗರು

ಉತ್ತರ: ಕೇಳುವುದನ್ನು ಬಿಡಬೇಡಿ. ಜಾಹೀರಾತಿನ ಹಣ ಬರಲು 1,000 ಸಬ್‌ಸ್ಕ್ರೈಬರ್‌ಗಳು, ಹಿಂದಿನ 12 ತಿಂಗಳಲ್ಲಿ 4,000 ಗಂಟೆಗಳ ವೀಕ್ಷಣೆ ಬೇಕು ಎಂಬುದು ಯೂಟ್ಯೂಬ್ ಇಟ್ಟಿರುವ ದಾರಿಗಳಲ್ಲೊಂದು. ಆ ಸಾವಿರದ ಆಸೆಯಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಆದರೆ ಅದು ನಿಮ್ಮ ಲೆಕ್ಕ. ಬ್ಲೌಸ್ ಹೊಲಿಯಲು ಬಂದವರಿಗೆ ಅದರಿಂದ ಏನೂ ಸಿಗುವುದಿಲ್ಲ.

ನಿಮ್ಮ ಮಾತನ್ನು ಇನ್ನೊಮ್ಮೆ ಓದಿ ನೋಡಿ. ನಿಮ್ಮ ಕಷ್ಟ, ನಿಮ್ಮ ಸಾವಿರ, ನಾಲ್ಕು ಕೋರಿಕೆಗಳು. ಬಟ್ಟೆ ಕತ್ತರಿಸಿಟ್ಟುಕೊಂಡು ಕೂತಿರುವ ಹೆಣ್ಣುಮಗಳು ಇದರಲ್ಲಿ ಎಲ್ಲೂ ಇಲ್ಲ. ಬೇಡಿದ ಹಾಗೆ ಕೇಳಿಸುವುದು ಅದಕ್ಕೇ. "ದಯವಿಟ್ಟು" ಒಂದನ್ನೇ ತೆಗೆದರೆ ಇದು ಸರಿಹೋಗದು.

ಈಗ ಆಕೆಯ ಕಡೆಯಿಂದ ಯೋಚಿಸೋಣ. ನೀವು ಇವತ್ತು ಲೈನಿಂಗ್ ಬ್ಲೌಸಿನ ಕಟಿಂಗ್ ತೋರಿಸಿದ್ದೀರಿ ಎಂದುಕೊಳ್ಳಿ. ಆಕೆಯ ಮುಂದೆ ತುಂಡುಗಳು ಬಿದ್ದಿವೆ. ಹೊಸಬರಿಗೆ ಭಯವಿರುವುದು ತೋಳು ಜೋಡಿಸುವಲ್ಲಿ. ಕಂಕುಳ ಹತ್ತಿರ ಸುಕ್ಕು ಬಿದ್ದರೆ ಬಿಚ್ಚಿ ಹೊಲಿಯಬೇಕು. ನಿಮ್ಮ ಕೊನೆಯ ಮಾತು ಆ ಭಯಕ್ಕೆ ಉತ್ತರವಾಗಲಿ:

"ಕತ್ತರಿಸಿದ ತುಂಡುಗಳನ್ನ ಹಾಗೇ ಮಡಚಿ ಇಟ್ಕೊಳ್ಳಿ. ಕಂಕುಳ ಹತ್ರ ಸುಕ್ಕು ಬೀಳದ ಹಾಗೆ ತೋಳು ಜೋಡಿಸೋದನ್ನ ಶುಕ್ರವಾರ ತೋರಿಸ್ತೀನಿ. ಆ ವಿಡಿಯೊ ತಪ್ಪಿಹೋಗಬಾರದು ಅಂದ್ರೆ ಈಗಲೇ ಸಬ್‌ಸ್ಕ್ರೈಬ್ ಮಾಡ್ಕೊಳ್ಳಿ, ದುಡ್ಡೇನೂ ಕೊಡಬೇಕಿಲ್ಲ."

ಇಷ್ಟೇ ಸಾಕು. ಮುಂದೇನು ಸಿಗುತ್ತದೆ, ಯಾವಾಗ ಸಿಗುತ್ತದೆ ಎರಡೂ ಇದರಲ್ಲಿವೆ. ಸಬ್‌ಸ್ಕ್ರೈಬ್ ಎಂದರೆ ಚಂದಾ ಹಣ ಎಂದು ಹಿಂಜರಿಯುವವರು ಇನ್ನೂ ಇದ್ದಾರೆ, ಹಾಗಾಗಿ ದುಡ್ಡಿನ ಮಾತನ್ನು ಸೇರಿಸಿದೆ. ಲೈಕ್, ಶೇರ್, ಬೆಲ್ ಬಿಟ್ಟುಬಿಡಿ. ನಾಲ್ಕು ಕೆಲಸ ಹೇಳಿದರೆ ಜನ ಒಂದನ್ನೂ ಮಾಡದೆ ಎದ್ದುಹೋಗುತ್ತಾರೆ. ಶುಕ್ರವಾರ ಎಂದ ಮೇಲೆ ಶುಕ್ರವಾರವೇ ಹಾಕಬೇಕು. ಆಗದೆನಿಸಿದರೆ ದಿನ ಹೇಳದೆ "ಮುಂದಿನ ವಿಡಿಯೊದಲ್ಲಿ" ಎನ್ನಿ.

ಇನ್ನೊಂದು ತೊಡಕು ನಿಮ್ಮ ಮೊದಲ ವಾಕ್ಯದಲ್ಲೇ ಇದೆ. "ಇವತ್ತಿನ ವಿಡಿಯೊ ಇಷ್ಟೇ" ಎಂದ ತಕ್ಷಣ ನೋಡುವವರ ಬೆರಳು ಬೇರೆ ಕಡೆ ಹೋಗುತ್ತದೆ. ಯೂಟ್ಯೂಬ್ ಸ್ಟುಡಿಯೊದಲ್ಲಿ ಪ್ರತಿ ವಿಡಿಯೊಗೂ ಜನ ಎಲ್ಲಿಯವರೆಗೆ ನೋಡಿದರು ಎಂಬ ಗೆರೆ ಇರುತ್ತದೆ. ಅದನ್ನು ತೆರೆದು, ನೀವು ಆ ಮಾತು ಹೇಳುವ ಕ್ಷಣದಲ್ಲಿ ಗೆರೆ ಕಡಿದಾಗಿ ಕೆಳಗಿಳಿದಿದೆಯೇ ನೋಡಿ. ಇಳಿದಿದ್ದರೆ, ನಿಮ್ಮ ಕೋರಿಕೆಯನ್ನು ಖಾಲಿ ಕೋಣೆಗೆ ಹೇಳುತ್ತಿದ್ದೀರಿ ಎಂದರ್ಥ. ಕೊನೆಯ ತುಂಡನ್ನು ಮೇಜಿನ ಮೇಲೆ ಹರಡಿ ಅಳತೆ ಸರಿ ನೋಡುತ್ತಿರುವಾಗಲೇ, ಅದೇ ಉಸಿರಿನಲ್ಲಿ ಮುಂದಿನ ಮಾತು ಬರಲಿ. ವಿದಾಯ ಆಮೇಲೆ.

ಕೊನೆಗೆ ಬರುವ ಎಂಡ್ ಸ್ಕ್ರೀನ್ ಅನ್ನು 5ರಿಂದ 20 ಸೆಕೆಂಡ್ ಇಡಬಹುದು. ಮೇಲಿನ ಮಾತು ಹೇಳಲು ಸುಮಾರು 15 ಸೆಕೆಂಡ್ ಸಾಕು, ಹಾಗಾಗಿ ಎರಡೂ ಒಟ್ಟಿಗೆ ಬರಲಿ. ಹಲವರು ಮಾತು ಮುಗಿಸಿ, ಸಂಗೀತ ಹಾಕಿ ಬರೀ ಚೌಕಗಳನ್ನು ತೋರಿಸುತ್ತಾರೆ. ಅಷ್ಟರಲ್ಲಿ ನೋಡುವವರು ಹೋಗಿರುತ್ತಾರೆ. ಚಿತ್ರೀಕರಿಸುವಾಗಲೇ ಮೇಜಿನ ಒಂದು ಬದಿ ಖಾಲಿ ಬಿಡಿ, ಚಾನೆಲ್‌ನ ದುಂಡನೆಯ ಗುರುತು ಅಲ್ಲಿ ಕೂರುತ್ತದೆ. ಇಲ್ಲದಿದ್ದರೆ ಅದು ನೀವು ತೋರಿಸುತ್ತಿರುವ ತುಂಡನ್ನೇ ಮುಚ್ಚುತ್ತದೆ.

"ನೀವು ನನಗೆ ಮಾಡಿ, ನಾನು ನಿಮಗೆ ಮಾಡ್ತೀನಿ" ಎಂಬ ವಾಟ್ಸ್‌ಆ್ಯಪ್ ಗುಂಪುಗಳಿಗೆ ದಯವಿಟ್ಟು ಹೋಗಬೇಡಿ. ಅದು ಯೂಟ್ಯೂಬ್ ನಿಯಮಕ್ಕೆ ವಿರುದ್ಧ. ಅಲ್ಲದೆ ಹಾಗೆ ಬಂದವರು ನಿಮ್ಮ ಹೊಲಿಗೆ ನೋಡುವುದಿಲ್ಲ, ಆ 4,000 ಗಂಟೆಗೆ ಅವರಿಂದ ನಿಮಿಷವೂ ಸೇರದು.

ಮಾತು ಬದಲಿಸಿದ್ದಕ್ಕೆ ಫಲ ಸಿಕ್ಕಿತೇ ಎಂದು ತಿಳಿಯಲು, ಪ್ರತಿ ವಿಡಿಯೊದಿಂದ ಎಷ್ಟು ಸಬ್‌ಸ್ಕ್ರೈಬರ್ ಬಂದರು ಎಂಬುದನ್ನು ಸ್ಟುಡಿಯೊದಲ್ಲೇ ನೋಡಿ. ಆದರೆ ಕಟಿಂಗ್ ವಿಡಿಯೊವನ್ನು ಕಟಿಂಗ್ ವಿಡಿಯೊದ ಜೊತೆಗೇ ಹೋಲಿಸಿ, ಒಂದೇ ವಿಡಿಯೊ ನೋಡಿ ತೀರ್ಮಾನಿಸಬೇಡಿ. ಒಂದು ಅಳತೆ ಹುಡುಕಿಕೊಂಡು ಬಂದು, ಸಿಕ್ಕ ಕೂಡಲೇ ಹೋಗುವವರು ಇದ್ದೇ ಇರುತ್ತಾರೆ. ಯಾವ ಮಾತೂ ಅವರನ್ನು ನಿಲ್ಲಿಸದು, ಅದಕ್ಕೆ ನೊಂದುಕೊಳ್ಳಬೇಡಿ.

ಮುಂದಿನ ವಿಡಿಯೊ ಶುರುಮಾಡುವ ಮೊದಲೇ ಅದರ ಕೊನೆಯ ಮೂರು ವಾಕ್ಯ ಬರೆದಿಟ್ಟುಕೊಳ್ಳಿ. ಬರೆದದ್ದನ್ನು ಮಗಳಿಗೆ ಓದಿ ಹೇಳಿ, ಅವಳು ಒಪ್ಪಿದ ಮೇಲೆ ಕ್ಯಾಮೆರಾ ಹಾಕಿ.