ಲಾಕ್ ಮಾಡಿದ ಚಾಟ್ ಹೊಸ ಫೋನಿನಲ್ಲಿ ಕಾಣದಿದ್ದಾಗ

ಆಂಡ್ರಾಯ್ಡ್ ಮೆಸೇಜಿಂಗ್ ಆ್ಯಪ್‌ಗಳಿಗೆ ಚಾಟ್ ಲಾಕ್ ಬರೆಯುವುದು ನನ್ನ ಕೆಲಸ. ‘ರೀಸ್ಟೋರ್ ಆಯ್ತು, ಲಾಕ್ ಮಾಡಿದ್ದು ಮಾತ್ರ ಬರಲಿಲ್ಲ’ ಎಂಬ ದೂರಿನಿಂದ ಕಲಿತದ್ದು ಇಷ್ಟು.

1. ಅಡಗಿದೆಯೋ, ಹೋಗಿದೆಯೋ ಎಂದು ಮೊದಲು ತಿಳಿಯಬೇಕು. ಕೆಲವು ಆ್ಯಪ್‌ಗಳು ಚಾಟನ್ನು ಪಟ್ಟಿಯಿಂದ ಮರೆ ಮಾಡುತ್ತವೆ, ಅಷ್ಟೇ. ವಾಟ್ಸ್ಆ್ಯಪ್‌ನಲ್ಲಿ ಲಾಕ್ ಮಾಡಿದ ಚಾಟ್‌ಗಳ ಫೋಲ್ಡರನ್ನೇ ಅಡಗಿಸಿಟ್ಟಿದ್ದರೆ, ಹುಡುಕುವ ಜಾಗದಲ್ಲಿ ರಹಸ್ಯ ಕೋಡ್ ಟೈಪ್ ಮಾಡಬೇಕು. ಗಾಬರಿಗೆ ಆ್ಯಪ್ ಅಳಿಸಿಬಿಡಬೇಡಿ.

2. ಇನ್ನು ಕೆಲವು ಆ್ಯಪ್‌ಗಳು ಲಾಕ್ ಮಾಡಿದ ಸಂದೇಶಗಳನ್ನೇ ಬೇರೊಂದು ಕೀಲಿಯಿಂದ ಗೂಢಲಿಪಿಗೆ ತಿರುಗಿಸುತ್ತವೆ. ಆ ಕೀಲಿ ಇರುವುದು ಆಂಡ್ರಾಯ್ಡ್ ಕೀಸ್ಟೋರ್‌ನಲ್ಲಿ. ಈಗಿನ ಹೆಚ್ಚಿನ ಫೋನ್‌ಗಳಲ್ಲಿ ಅದನ್ನು ಹಾರ್ಡ್‌ವೇರ್ ಕಾಯುತ್ತದೆ. ಆ್ಯಪ್ ಬರೆದ ನಮಗೂ ಅದನ್ನು ಹೊರತೆಗೆಯಲು ಬರುವುದಿಲ್ಲ. ಗ್ರಾಹಕರೊಬ್ಬರು ಹೊಸ ಫೋನ್ ಕೊಂಡು, ಹಳೆಯದನ್ನು ಫ್ಯಾಕ್ಟರಿ ರೀಸೆಟ್ ಮಾಡಿ ಮಾರಿದ್ದರು. ಬ್ಯಾಕಪ್‌ನಲ್ಲಿ ಅವರ ಲಾಕ್ ಮಾಡಿದ ಚಾಟ್‌ನ ಫೈಲ್ ಪೂರ್ತಿ ಇತ್ತು. ಹೊಸ ಫೋನಿನಲ್ಲಿ ಆ್ಯಪ್ ಕೀಲಿ ಕೇಳಿದರೆ ಕೀಸ್ಟೋರ್ ಬರಿಗೈ. ಹಳೆಯ ಪಿನ್ ಅವರಿಗೆ ಚೆನ್ನಾಗಿ ನೆನಪಿತ್ತು; ಆದರೆ ಆ ಪಿನ್ ಕೀಲಿಯನ್ನು ಬಳಸಲು ಅನುಮತಿ ಕೊಡುತ್ತಿತ್ತೇ ಹೊರತು ತಾನೇ ಕೀಲಿಯಾಗಿರಲಿಲ್ಲ. ರೀಸೆಟ್‌ನೊಂದಿಗೆ ಕೀಲಿ ನಾಶವಾಗಿತ್ತು, ನಮ್ಮಿಂದ ಏನೂ ಮಾಡಲಾಗಲಿಲ್ಲ. ಆಂಡ್ರಾಯ್ಡ್‌ನಲ್ಲಿ ಆ್ಯಪ್ ಅಳಿಸಿದರೂ ಅದರ ಕೀಲಿಗಳು ಹೋಗುತ್ತವೆ. ಹಾಗಾಗಿ ಅದೇ ಫೋನಿನಲ್ಲಿ ಮತ್ತೆ ಹಾಕಿಕೊಂಡರೂ ಇದೇ ಗತಿ.

3. ‘ಕೀಲಿಯನ್ನೂ ಬ್ಯಾಕಪ್‌ಗೆ ಸೇರಿಸಿ’ ಎಂದು ಅನೇಕರು ಕೇಳುತ್ತಾರೆ. ನಾಲ್ಕು ಅಂಕಿಯ ಪಿನ್‌ಗೆ ಇರುವುದು 10,000 ಸಾಧ್ಯತೆಗಳು ಮಾತ್ರ. ಆ ಪಿನ್ನಿನಿಂದಲೇ ತೆರೆಯುವ ಕೀಲಿ ಬ್ಯಾಕಪ್‌ನಲ್ಲಿದ್ದರೆ, ಫೈಲ್ ಕದ್ದವರು ತಮ್ಮ ಕಂಪ್ಯೂಟರಿನಲ್ಲಿ ಎಲ್ಲವನ್ನೂ ಬೇಗನೆ ಪ್ರಯತ್ನಿಸಿಬಿಡುತ್ತಾರೆ. ತಡೆಯಲು ಯಾರೂ ಇರುವುದಿಲ್ಲ. ಫೋನಿನೊಳಗಾದರೆ ತಪ್ಪು ಪ್ರಯತ್ನ ಹೆಚ್ಚಿದಂತೆ ಕಾಯುವ ಸಮಯವೂ ಹೆಚ್ಚುತ್ತದೆ. ಚಿಕ್ಕ ಪಿನ್‌ಗೆ ಬಲ ಬರುವುದು ಆ ಫೋನಿನಿಂದಲೇ. ಇಡೀ ಬ್ಯಾಕಪ್‌ಗೆ ಹಾಕುವ ಕೀಲಿ ಬೇರೆ ವಿಷಯ: ವಾಟ್ಸ್ಆ್ಯಪ್‌ನ ಗೂಢಲಿಪಿ ಬ್ಯಾಕಪ್‌ಗೆ 64 ಅಂಕಿಗಳ ಕೀಲಿಯನ್ನೂ ಆರಿಸಿಕೊಳ್ಳಬಹುದು. ಊಹಿಸಲಾಗದಷ್ಟು ಉದ್ದವಿರುವುದರಿಂದ ಅದನ್ನು ಬರೆದಿಟ್ಟುಕೊಂಡು ಬೇರೆ ಫೋನಿಗೆ ಒಯ್ಯಬಹುದು.

4. ಫೋನ್ ಬದಲಾಗದಿದ್ದರೂ ಕೀಲಿ ಕೆಡಬಹುದು. ಬೆರಳಚ್ಚಿಗೆ ಕಟ್ಟಿದ ಕೀಲಿಯು ಹೊಸ ಬೆರಳು ಸೇರಿಸಿದಾಗ ಅಥವಾ ಸ್ಕ್ರೀನ್ ಲಾಕ್ ತೆಗೆದಾಗ ರದ್ದಾಗುವಂತೆ ಮಾಡಿರುತ್ತಾರೆ. ಲಾಗ್‌ನಲ್ಲಿ `KeyPermanentlyInvalidatedException` ಕಂಡರೆ ಆ ಕೀಲಿಯ ಕಥೆ ಮುಗಿಯಿತು.

5. ಫೋನ್ ಬದಲಿಸುವ ಮುನ್ನ ಹಳೆಯದರಲ್ಲಿ ಚಾಟ್‌ಗಳ ಲಾಕ್ ತೆಗೆಯಿರಿ, ಆಮೇಲೆ ಬ್ಯಾಕಪ್ ಮಾಡಿ. ಹೊಸ ಫೋನಿನಲ್ಲಿ ಆ ಚಾಟ್‌ಗಳನ್ನು ತೆರೆದು ಹಳೆಯ ಸಂದೇಶದವರೆಗೂ ನೋಡಿ, ಮತ್ತೆ ಲಾಕ್ ಮಾಡಿಕೊಳ್ಳಿ. ಅಲ್ಲಿಯವರೆಗೆ ದಯವಿಟ್ಟು ಹಳೆಯ ಫೋನನ್ನು ರೀಸೆಟ್ ಮಾಡಬೇಡಿ, ಯಾರಿಗೂ ಕೊಡಬೇಡಿ.